ಜಾರುವ ಗೋಡೆ, ಹುಟ್ಟದ ಗೋಡೆ

ಟ್ರಾನ್ಸ್‌ಫಾರ್ಮರಿನ ಒಡಲಲ್ಲಿರುವ ತಗಡಿನ ತೂಕದಲ್ಲಿ ನೂರಕ್ಕೆ 97 ಪಾಲು ಕಬ್ಬಿಣ. ಇಂದು ಸಿಗುವ ಅತಿ ಬಲವಾದ ಅಯಸ್ಕಾಂತವೆನಿಸಿದ ನಿಯೊಡಿಮಿಯಮ್ ಬಿಲ್ಲೆಯಲ್ಲೂ ಸರಿಸುಮಾರು ಮೂರರಲ್ಲಿ ಎರಡು ಪಾಲು ಕಬ್ಬಿಣವೇ. ಆದರೂ ಇವೆರಡರ ನಡತೆಗೆ ಅಜಗಜಾಂತರ. ಊರಿನ ಕಂಬದ ಮೇಲೆ ಕೂತ ಟಿ.ಸಿ.ಯೊಳಗಿನ ತಗಡು ತನ್ನ ಉತ್ತರ, ದಕ್ಷಿಣ ಧ್ರುವಗಳನ್ನು ಸೆಕೆಂಡಿಗೆ ನೂರು ಸಲ ಅದಲುಬದಲು ಮಾಡಿಕೊಳ್ಳುತ್ತದೆ. ಬಿಲ್ಲೆಯಾದರೋ ಒಮ್ಮೆ ಹಿಡಿದ ದಿಕ್ಕನ್ನು ಹತ್ತಾರು ವರ್ಷ ಬಿಡುವುದಿಲ್ಲ.

ಈ ಅಂತರವನ್ನು ಅಳೆಯಬಹುದು. ತಗಡಿನಲ್ಲಿ ಉಳಿದ ಕಾಂತತ್ವವನ್ನು ಸೊನ್ನೆಗೆ ಇಳಿಸಲು ಮೀಟರಿಗೆ ಸುಮಾರು 8 ಆಂಪಿಯರಿನಷ್ಟು ವಿರುದ್ಧ ಕಾಂತಕ್ಷೇತ್ರ ಸಾಕು. ಭೂಮಿಯ ಕಾಂತಕ್ಷೇತ್ರವೇ ಮೀಟರಿಗೆ 30 ಆಂಪಿಯರಿನ ಆಸುಪಾಸಿನಲ್ಲಿದೆ ಎಂದರೆ ಇದು ಎಷ್ಟು ಸಣ್ಣದೆಂದು ತಿಳಿಯುತ್ತದೆ. ಬಿಲ್ಲೆಗೆ ಅದೇ ಕೆಲಸ ಮಾಡಲು ಮೀಟರಿಗೆ 9 ಲಕ್ಷ ಆಂಪಿಯರಿಗೂ ಹೆಚ್ಚು ಬೇಕು. ಒಂದೇ ಲೋಹವನ್ನು ನೆಚ್ಚಿದ ಎರಡು ವಸ್ತುಗಳ ನಡುವೆ ಲಕ್ಷಪಟ್ಟು ವ್ಯತ್ಯಾಸ. ಇದಕ್ಕೆ ಕಾರಣ ಪರಮಾಣುಗಳಲ್ಲಿ ಹೆಚ್ಚಾಗಿ ಇಲ್ಲ. ಕಬ್ಬಿಣದೊಳಗೆ ಕಣ್ಣಿಗೆ ಕಾಣದಂತೆ ಎದ್ದಿರುವ ಗೋಡೆಗಳಲ್ಲಿದೆ.

ಕಬ್ಬಿಣ ತನ್ನೊಳಗೇ ಪಾಲಾಗುವುದು ಏಕೆ

ಕಬ್ಬಿಣದ ಪ್ರತಿ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ಅದರ ಕೆಲವು ಎಲೆಕ್ಟ್ರಾನುಗಳ ಸ್ಪಿನ್ ಒಂದನ್ನೊಂದು ರದ್ದುಮಾಡದೆ ಉಳಿಯುವುದರಿಂದ ಈ ಗುಣ ಬರುತ್ತದೆ. ಅಕ್ಕಪಕ್ಕದ ಪರಮಾಣುಗಳು ಒಂದೇ ದಿಕ್ಕಿಗೆ ಮುಖ ಮಾಡುವಂತೆ ಮಾಡುವ ಬಲವೊಂದಿದೆ. ಅದು ಎರಡು ಅಯಸ್ಕಾಂತಗಳ ನಡುವಿನ ಸಾಮಾನ್ಯ ಸೆಳೆತವಲ್ಲ. ಆ ಸೆಳೆತ ಪರಮಾಣುಗಳ ಮಟ್ಟದಲ್ಲಿ ತೀರ ದುರ್ಬಲ, ಕೋಣೆಯ ಬಿಸಿಯ ಕುಲುಕಾಟಕ್ಕೇ ಚದುರಿಹೋಗುವಂಥದ್ದು. ನಿಜವಾದ ಬಲ ಕ್ವಾಂಟಮ್ ಭೌತಶಾಸ್ತ್ರಕ್ಕೆ ಸೇರಿದ ವಿನಿಮಯ ಬಲ ಎಂದು 1928ರಲ್ಲಿ ಹೈಸೆನ್‌ಬರ್ಗ್ ತೋರಿಸಿದರು. ಇದು ಎಷ್ಟು ಗಟ್ಟಿಯೆಂದರೆ ಕಬ್ಬಿಣವನ್ನು 770 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಮಾತ್ರ ಪರಮಾಣುಗಳ ಒಮ್ಮುಖ ಪೂರ್ತಿ ಒಡೆಯುತ್ತದೆ. ಈ ಉಷ್ಣಾಂಶಕ್ಕೆ ಕ್ಯೂರಿ ಬಿಂದು ಎಂದು ಹೆಸರು.

ಹಾಗಿದ್ದರೆ ಅಂಗಡಿಯಿಂದ ತಂದ ಪ್ರತಿ ಮೊಳೆಯೂ ಬಲವಾದ ಅಯಸ್ಕಾಂತವಾಗಿರಬೇಕಿತ್ತು. ಹಾಗಾಗುವುದಿಲ್ಲ. ಇದಕ್ಕೆ ಸರಿಯಾದ ಉತ್ತರವನ್ನು 1907ರಲ್ಲಿ ಫ್ರಾನ್ಸಿನ ಪಿಯರ್ ವೈಸ್ ಊಹಿಸಿದರು. ಕಬ್ಬಿಣವು ಸಣ್ಣ ಸಣ್ಣ ಕಾಂತವಲಯಗಳಾಗಿ ಹಂಚಿಹೋಗಿದೆ; ಒಂದು ವಲಯದೊಳಗೆ ಪರಮಾಣುಗಳೆಲ್ಲ ಒಂದೇ ದಿಕ್ಕಿಗಿದ್ದರೂ ಬೇರೆ ಬೇರೆ ವಲಯಗಳ ದಿಕ್ಕು ಬೇರೆ ಬೇರೆ; ಆದ್ದರಿಂದ ಹೊರಗೆ ಏನೂ ಕಾಣದು. ಮೊಳೆಯಲ್ಲಿ ಕಾಂತತ್ವ ಇಲ್ಲವೆಂದಲ್ಲ, ಒಳಗೊಳಗೇ ಅದು ಸರಿದೂಗಿಹೋಗಿದೆ.

ವಲಯಗಳು ಹುಟ್ಟುವುದು ಶಕ್ತಿಯ ಉಳಿತಾಯಕ್ಕಾಗಿ. ಕಬ್ಬಿಣದ ತುಂಡು ಇಡಿಯಾಗಿ ಒಂದೇ ದಿಕ್ಕಿಗೆ ಕಾಂತವಾದರೆ ಅದರ ಎರಡು ತುದಿಗಳಲ್ಲಿ ಧ್ರುವಗಳು ಮೂಡಿ ಸುತ್ತಲಿನ ಜಾಗದಲ್ಲೆಲ್ಲ ಕಾಂತಕ್ಷೇತ್ರ ಹರಡಿಕೊಳ್ಳುತ್ತದೆ. ಹಾಗೆ ಹರಡಿದ ಕ್ಷೇತ್ರದಲ್ಲಿ ಶಕ್ತಿ ತುಂಬಿರುತ್ತದೆ. ಅದೇ ತುಂಡು ಉದ್ದಕ್ಕೂ ಎರಡು ಪಾಲಾಗಿ, ಒಂದು ಪಾಲು ಮೇಲಕ್ಕೂ ಇನ್ನೊಂದು ಕೆಳಕ್ಕೂ ಮುಖಮಾಡಿದರೆ ಹೊರಗಿನ ಕ್ಷೇತ್ರ ಗಣನೀಯವಾಗಿ ಕುಗ್ಗುತ್ತದೆ. ನಾಲ್ಕು ಪಾಲಾದರೆ ಮತ್ತಷ್ಟು ಕುಗ್ಗುತ್ತದೆ. ಆದರೆ ಈ ಪಾಲು ಹಂಚಿಕೆ ಕೊನೆಯಿಲ್ಲದೆ ಸಾಗುವುದಿಲ್ಲ. ಎರಡು ವಲಯಗಳ ನಡುವೆ ಗೋಡೆ ಬೇಕು, ಗೋಡೆಗೆ ತನ್ನದೇ ಖರ್ಚಿದೆ. ಅಲ್ಲಿ ಪರಮಾಣುಗಳ ಮುಖ ಒಮ್ಮೆಗೇ ತಿರುಗದೆ, ಒಂದು ಸಾಲಿನಿಂದ ಮುಂದಿನ ಸಾಲಿಗೆ ತುಸುತುಸುವೇ ವಾಲುತ್ತ, ನೂರಕ್ಕೂ ಹೆಚ್ಚು ಸಾಲುಗಳ ಬಳಿಕ ಪೂರ್ತಿ ಹಿಮ್ಮೊಗವಾಗುತ್ತದೆ. ಇನ್ನೊಂದು ಗೋಡೆ ಕಟ್ಟುವ ಖರ್ಚು ಅದರಿಂದಾಗುವ ಉಳಿತಾಯವನ್ನು ಮೀರುವ ಹಂತಕ್ಕೆ ವಿಭಜನೆ ನಿಲ್ಲುತ್ತದೆ.

ಈ ಗೋಡೆಗಳನ್ನು ಕಣ್ಣಿಗೆ ಕಾಣಿಸಿದವರು ಫ್ರಾನ್ಸಿಸ್ ಬಿಟ್ಟರ್. 1931ರಲ್ಲಿ ಅವರು ನುಣುಪುಗೊಳಿಸಿದ ಲೋಹದ ಮೇಲೆ ಅತಿ ನಯವಾದ ಕಾಂತೀಯ ಪುಡಿಯನ್ನು ದ್ರವದಲ್ಲಿ ಕಲಸಿ ಹರಡಿದರು. ಗೋಡೆ ಮೇಲ್ಮೈಗೆ ಬರುವ ಕಡೆ ಕ್ಷೇತ್ರ ಸ್ವಲ್ಪ ಹೊರಚೆಲ್ಲುತ್ತದೆ. ಪುಡಿ ಅಲ್ಲಿಗೇ ಸರಿದು ಸೂಕ್ಷ್ಮದರ್ಶಕದಲ್ಲಿ ಗೆರೆಗಳಾಗಿ ಕಂಡಿತು. ಧ್ರುವೀಕರಿಸಿದ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಇಂದು ವಲಯಗಳು ಕಪ್ಪುಬಿಳಿ ಪಟ್ಟೆಗಳಾಗಿ ಕಾಣುತ್ತವೆ. ಪಕ್ಕದ ಸುರುಳಿಗೆ ವಿದ್ಯುತ್ ಹರಿಸಿದರೆ ಬಿಳಿ ಪಟ್ಟೆ ಅಗಲವಾಗುತ್ತ ಕಪ್ಪು ಪಟ್ಟೆ ಸೊರಗುತ್ತ ಹೋಗುವುದನ್ನು ನೇರವಾಗಿ ನೋಡಬಹುದು. ಅಲ್ಲಿ ಸರಿಯುತ್ತಿರುವುದು ಗೋಡೆ.

ಒಂದು ಸುತ್ತಿನ ದಾರಿ

ಕಬ್ಬಿಣದ ಉಂಗುರಕ್ಕೆ ತಂತಿ ಸುತ್ತಿ, ವಿದ್ಯುತ್ತನ್ನು ನಿಧಾನವಾಗಿ ಏರಿಸಿ ಇಳಿಸುತ್ತ, ಸುರುಳಿ ಒಡ್ಡುವ ಕ್ಷೇತ್ರವನ್ನು ಅಡ್ಡಗೆರೆಯಲ್ಲೂ ಕಬ್ಬಿಣ ಪಡೆದ ಕಾಂತತ್ವವನ್ನು ನಿಲುಗೆರೆಯಲ್ಲೂ ಗುರುತಿಸುತ್ತ ಹೋದರೆ ಒಂದು ಚಿತ್ರ ಮೂಡುತ್ತದೆ. ಅದೇ ಹಿಸ್ಟರಿಸಿಸ್ ಕುಣಿಕೆ. ಅದರ ಒಂದೊಂದು ತಿರುವಿನಲ್ಲೂ ಗೋಡೆಗಳು ಏನು ಮಾಡುತ್ತಿವೆ ಎಂದು ಹೇಳಬಹುದು.

ಮೊದಲ ಬಾರಿಗೆ ಕ್ಷೇತ್ರ ಏರಿದಾಗ, ಅದರ ದಿಕ್ಕಿಗೆ ಹೊಂದಿಕೊಂಡ ವಲಯಗಳು ಬೆಳೆಯಲು ತೊಡಗುತ್ತವೆ. ಗೋಡೆಗಳು ಹಾಯಿಯಂತೆ ತುಸು ಉಬ್ಬುತ್ತವೆ. ಈ ಹಂತದಲ್ಲಿ ವಿದ್ಯುತ್ ನಿಲ್ಲಿಸಿದರೆ ಅವು ಮೊದಲಿನ ಜಾಗಕ್ಕೇ ಮರಳುತ್ತವೆ. ಕ್ಷೇತ್ರ ಇನ್ನೂ ಏರಿದಾಗ ಗೋಡೆಗಳಿಗೆ ಎಡವುಗಲ್ಲುಗಳು ಸಿಗುತ್ತವೆ: ಇಂಗಾಲದ ಸಂಯುಕ್ತದ ಕಣ, ಹರಳಿನ ಅಂಚು, ಬಾಗಿಸಿದಾಗ ಉಳಿದ ಒಳಒತ್ತಡ. ಮಳೆಗಾಲದಲ್ಲಿ ಉಬ್ಬಿದ ಮರದ ಬಾಗಿಲಿನಂತೆ ಗೋಡೆ ಅಲ್ಲಿ ಕಚ್ಚಿಕೊಳ್ಳುತ್ತದೆ. ನೂಕುತ್ತ ಹೋದರೆ ಒಮ್ಮೆಗೇ ಕಿತ್ತುಕೊಂಡು ಮುಂದಿನ ತಡೆಯವರೆಗೆ ಹಾರುತ್ತದೆ. 1919ರಲ್ಲಿ ಜರ್ಮನಿಯ ಹೈನ್ರಿಕ್ ಬಾರ್ಕ್‌ಹೌಸನ್ ಕಬ್ಬಿಣದ ಸುತ್ತ ಇನ್ನೊಂದು ಸುರುಳಿಯಿಟ್ಟು, ಅದರ ಸಂಕೇತವನ್ನು ಹಿಗ್ಗಿಸಿ ಕಿವಿಗೆ ಕೇಳಿಸುವಂತೆ ಮಾಡಿದಾಗ ಪಟಪಟ ಸದ್ದು ಕೇಳಿಬಂತು. ಪ್ರತಿ ಪಟ್ ಎಂಬ ಸದ್ದಿನ ಹಿಂದೆಯೂ ಇಂಥ ಹಾರಾಟವಿತ್ತು.

ಈ ಹಾರಾಟದಿಂದ ಹಿಂತಿರುಗಿ ಬರುವ ದಾರಿ ತೆರೆದಿರುವುದಿಲ್ಲ. ಕ್ಷೇತ್ರ ಇನ್ನೂ ಏರಿ ಎಲ್ಲ ವಲಯಗಳೂ ಒಂದಾದರೆ ಕಬ್ಬಿಣ ಸಂತೃಪ್ತವಾಗುತ್ತದೆ. ಶುದ್ಧ ಕಬ್ಬಿಣಕ್ಕೆ ಈ ಮಿತಿ ಸುಮಾರು 2.15 ಟೆಸ್ಲಾ. ಈಗ ವಿದ್ಯುತ್ತನ್ನು ಸೊನ್ನೆಗೆ ಇಳಿಸಿದರೂ ಕಾಂತತ್ವ ಸೊನ್ನೆಗೆ ಇಳಿಯದು. ಮರಳಿ ಹುಟ್ಟಿದ ಗೋಡೆಗಳು ನಡುದಾರಿಯಲ್ಲೇ ಸಿಕ್ಕಿಕೊಂಡು ಒಂದಷ್ಟು ಉಳಿಸುತ್ತವೆ. ಇದು ಉಳಿಕೆ ಕಾಂತತ್ವ. ಅದನ್ನು ಅಳಿಸಲು ವಿದ್ಯುತ್ತನ್ನು ತಿರುಗುಮುರುಗಾಗಿ ಹರಿಸಬೇಕು. ಕಾಂತತ್ವ ಸೊನ್ನೆಗೆ ಬರಲು ಬೇಕಾದ ಆ ವಿರುದ್ಧ ಕ್ಷೇತ್ರದ ಹೆಸರು ಕೊಯೆರ್ಸಿವಿಟಿ. ವಸ್ತು ಎಷ್ಟು ಹಟಮಾರಿ ಎಂಬುದರ ಅಳತೆ ಅದು. ಮುಂದೆ ಕ್ಷೇತ್ರವನ್ನು ಎದುರು ದಿಕ್ಕಿನ ಸಂತೃಪ್ತಿಗೆ ಒಯ್ದು ಮತ್ತೆ ಹಿಂದಕ್ಕೆ ತಂದರೆ ಕುಣಿಕೆ ಮುಚ್ಚಿಕೊಳ್ಳುತ್ತದೆ.

ಕಾರಣಕ್ಕಿಂತ ಪರಿಣಾಮ ಹಿಂದೆ ಬೀಳುವ ಈ ನಡತೆಗೆ 1881ರಲ್ಲಿ ಹಿಸ್ಟರಿಸಿಸ್ ಎಂದು ಹೆಸರಿಟ್ಟವರು ಆಗ ಟೋಕಿಯೊದಲ್ಲಿ ಪ್ರಾಧ್ಯಾಪಕರಾಗಿದ್ದ ಸ್ಕಾಟ್ಲೆಂಡಿನ ಜೇಮ್ಸ್ ಆಲ್ಫ್ರೆಡ್ ಯೂಯಿಂಗ್. ಹಿಂದುಳಿಯುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಆ ಪದ ಬಂತು. ಕುಣಿಕೆಯ ಒಳಗಿನ ವಿಸ್ತೀರ್ಣಕ್ಕೆ ನೇರವಾದ ಅರ್ಥವಿದೆ. ಒಂದು ಘನಮೀಟರ್ ವಸ್ತುವನ್ನು ಒಂದು ಸುತ್ತು ತಿರುಗಿಸಲು ವ್ಯಯವಾಗಿ, ಶಾಖವಾಗಿ ಹೋಗುವ ಶಕ್ತಿ ಅದು. ಗೋಡೆಗಳ ಪ್ರತಿ ಕಚ್ಚಾಟ, ಪ್ರತಿ ಹಾರಾಟದ ಲೆಕ್ಕವೂ ಆ ವಿಸ್ತೀರ್ಣದೊಳಗೆ ಸೇರಿದೆ.

ಗೋಡೆ ಜಾರಬೇಕಾದ ಕಡೆ

ಟ್ರಾನ್ಸ್‌ಫಾರ್ಮರಿಗೆ ಸಪೂರವಾದ ಕುಣಿಕೆ ಬೇಕು. ಏಕೆಂದು ಒಂದು ಲೆಕ್ಕದಿಂದ ತಿಳಿಯಬಹುದು. 100 ಕೆ.ವಿ.ಎ. ಸಾಮರ್ಥ್ಯದ ಟಿ.ಸಿ.ಯೊಂದರ ಕೋರ್ 160 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಕಾಂತತ್ವ 1.7 ಟೆಸ್ಲಾದವರೆಗೆ ಏರಿ ಇಳಿಯುತ್ತದೆ. ಕೊಯೆರ್ಸಿವಿಟಿ 8 ಇರುವ ತಗಡಿನ ಕುಣಿಕೆಯನ್ನು ಆಯತವೆಂದು ಭಾವಿಸಿದರೆ ವಿಸ್ತೀರ್ಣ 4 × 8 × 1.7, ಅಂದರೆ ಒಂದು ಸುತ್ತಿಗೆ ಘನಮೀಟರಿಗೆ ಸುಮಾರು 54 ಜೌಲ್. ಸೆಕೆಂಡಿಗೆ 50 ಸುತ್ತು, ಘನಮೀಟರಿಗೆ 7650 ಕಿಲೋ ತೂಕ. ಹೀಗೆ ಕಿಲೋಗೆ ಸುಮಾರು 0.36 ವ್ಯಾಟ್ ಶಾಖ, ಇಡೀ ಕೋರಿಗೆ 60 ವ್ಯಾಟಿನ ಆಸುಪಾಸು. ಇದೇ ಕೋರನ್ನು ಅರದಂಥ ಗಡಸು ಇಂಗಾಲದ ಉಕ್ಕಿನಿಂದ ಮಾಡಿದ್ದರೆ? ಅದರ ಕೊಯೆರ್ಸಿವಿಟಿ ಸುಮಾರು 4000. ಕಾಂತತ್ವವನ್ನು ಬರೀ 1 ಟೆಸ್ಲಾಕ್ಕೆ ಮಿತಿಗೊಳಿಸಿದರೂ ಕಿಲೋಗೆ 100 ವ್ಯಾಟ್, ಕೋರಿಗೆ 16,000 ವ್ಯಾಟ್ ಶಾಖ ಹುಟ್ಟುತ್ತದೆ. ಟಿ.ಸಿ. ಊರಿಗೆ ಬೆಳಕು ಕೊಡುವ ಮೊದಲೇ ತನ್ನ ಎಣ್ಣೆಯನ್ನು ಕುದಿಸಿಕೊಳ್ಳುತ್ತದೆ.

ಗೋಡೆ ಜಾರುವಂತೆ ಮಾಡುವುದೆಂದರೆ ದಾರಿಯ ಎಡವುಗಲ್ಲುಗಳನ್ನು ತೆಗೆಯುವುದು. ಮೊದಲು ಇಂಗಾಲ ಹೋಗಬೇಕು. ಒಳ್ಳೆಯ ತಗಡಿನಲ್ಲಿ ಅದನ್ನು ನೂರಕ್ಕೆ 0.003ಕ್ಕಿಂತ ಕೆಳಗಿಳಿಸುತ್ತಾರೆ. ಅದರ ಜೊತೆಗೆ ನೂರಕ್ಕೆ 3 ಪಾಲು ಸಿಲಿಕಾನ್ ಬೆರೆಸುತ್ತಾರೆ. ಸಿಲಿಕಾನ್ ಕಬ್ಬಿಣದ ವಿದ್ಯುತ್ ರೋಧವನ್ನು ನಾಲ್ಕು ಪಟ್ಟಿಗೂ ಹೆಚ್ಚಿಸುತ್ತದೆ. ಕಾಂತತ್ವ ಬದಲಾಗುವಾಗ ತಗಡಿನೊಳಗೇ ಸುಳಿಸುತ್ತುವ ಎಡ್ಡಿ ಪ್ರವಾಹಗಳು ಇದರಿಂದ ಕುಗ್ಗುತ್ತವೆ. ಇದಕ್ಕೆ ತೆರುವ ಬೆಲೆಯೆಂದರೆ ಸಂತೃಪ್ತಿಯ ಮಿತಿ 2.15ರಿಂದ 2.03 ಟೆಸ್ಲಾಕ್ಕೆ ಇಳಿಯುವುದು. ಸಿಲಿಕಾನನ್ನು ನೂರಕ್ಕೆ 4ಕ್ಕಿಂತ ಮೇಲೇರಿಸಿದರೆ ಉಕ್ಕು ಪೆಡಸಾಗಿ, ರೋಲರಿನಡಿ ತಗಡಾಗುವ ಬದಲು ಬಿರಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಹರಳುಗಳ ದಿಕ್ಕಿಗೆ ಸಂಬಂಧಿಸಿದ್ದು. ಕಬ್ಬಿಣದ ಹರಳು ಘನಾಕೃತಿಯದು. ಅದರ ಅಂಚಿನ ದಿಕ್ಕಿಗೆ ಕಾಂತವಾಗುವುದು ಅತಿ ಸುಲಭ, ಮೂಲೆಯಿಂದ ಎದುರು ಮೂಲೆಗೆ ಹೋಗುವ ದಿಕ್ಕಿಗೆ ಅತಿ ಕಷ್ಟ. ಸಾಮಾನ್ಯ ತಗಡಿನಲ್ಲಿ ಹರಳುಗಳು ಮನಬಂದಂತೆ ತಿರುಗಿರುತ್ತವೆ. ಅಮೆರಿಕದ ನಾರ್ಮನ್ ಗಾಸ್ 1934ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ, ತಣ್ಣಗಿನ ರೋಲಿಂಗ್ ಮತ್ತು ಕಾಯಿಸುವಿಕೆಯನ್ನು ಒಂದಾದ ಮೇಲೊಂದು ನಡೆಸಿದಾಗ ಸುಲಭ ಅಂಚು ರೋಲಿಂಗ್ ದಿಕ್ಕಿಗೇ ಇರುವ ಹರಳುಗಳು ಉಳಿದವನ್ನು ನುಂಗಿ ಬೆಳೆಯುತ್ತವೆ. ಕೊನೆಯ ಹಂತದಲ್ಲಿ ತಗಡನ್ನು ಹೈಡ್ರೋಜನ್ ಇರುವ ಕುಲುಮೆಯಲ್ಲಿ 1200 ಡಿಗ್ರಿಯವರೆಗೆ ಕಾಯಿಸುತ್ತಾರೆ. ಮಿಲಿಮೀಟರುಗಳಿಂದ ಸೆಂಟಿಮೀಟರಿನವರೆಗೆ ಬೆಳೆದ ಈ ಹರಳುಗಳನ್ನು, ಮೇಲಿನ ಲೇಪ ತೆಗೆದರೆ, ಬರಿಗಣ್ಣಿನಲ್ಲೇ ನೋಡಬಹುದು. ವ್ಯಾಪಾರದಲ್ಲಿ ಸಿ.ಆರ್.ಜಿ.ಓ. ಎಂದು ಕರೆಯುವ ತಗಡು ಇದೇ. ಇದರ ದಪ್ಪ 0.23ರಿಂದ 0.30 ಮಿಲಿಮೀಟರ್, ಒಂದರಿಂದ ಒಂದಕ್ಕೆ ವಿದ್ಯುತ್ ಹರಿಯದಂತೆ ಪ್ರತಿ ಹಾಳೆಗೂ ತೆಳುವಾದ ಲೇಪವಿರುತ್ತದೆ.

ಇಷ್ಟು ಮಾಡಿದ ಮೇಲೆ ಒಂದು ವಿಚಿತ್ರ ತೊಡಕು ಎದುರಾಯಿತು. ಹರಳುಗಳು ದೊಡ್ಡದಾಗಿ, ಸಾಲಾಗಿ ನಿಂತಷ್ಟೂ ಗೋಡೆಗಳ ಸಂಖ್ಯೆ ಕಡಿಮೆಯಾಗಿ ಅವುಗಳ ನಡುವಿನ ಅಂತರ ಹೆಚ್ಚುತ್ತದೆ. ಅದೇ ಅವಧಿಯಲ್ಲಿ ಪ್ರತಿ ಗೋಡೆಯೂ ಹೆಚ್ಚು ದೂರ ಓಡಬೇಕಾಗುತ್ತದೆ, ವೇಗವಾಗಿ ಓಡಿದ ಗೋಡೆಯ ಸುತ್ತ ಎಡ್ಡಿ ಪ್ರವಾಹ ಬಲವಾಗುತ್ತದೆ. ಇದಕ್ಕೆ ಪರಿಹಾರವೆಂದರೆ ಬೇಕೆಂದೇ ಗೋಡೆಗಳನ್ನು ಹೆಚ್ಚಿಸುವುದು. ತಗಡಿನ ಮೇಲೆ ಅಡ್ಡಲಾಗಿ, ಕೆಲವು ಮಿಲಿಮೀಟರಿಗೊಂದರಂತೆ ಲೇಸರಿನಿಂದ ಗೆರೆ ಎಳೆದರೆ ಅಲ್ಲಿನ ಒತ್ತಡದಿಂದಾಗಿ ವಲಯಗಳು ಇನ್ನಷ್ಟು ಸಪೂರ ಪಟ್ಟೆಗಳಾಗಿ ಸೀಳಿಕೊಳ್ಳುತ್ತವೆ. ಗೋಡೆಗಳು ಹೆಚ್ಚಾದಾಗ ಪ್ರತಿಯೊಂದರ ಓಟವೂ ಗಿಡ್ಡವಾಗುತ್ತದೆ. ಹಿಸ್ಟರಿಸಿಸ್ ಮತ್ತು ಎಡ್ಡಿ ಎರಡೂ ಸೇರಿ ಇಂದಿನ ಒಳ್ಳೆಯ ತಗಡು 1.7 ಟೆಸ್ಲಾದಲ್ಲಿ ಕಿಲೋಗೆ ಸುಮಾರು 1 ವ್ಯಾಟಿನಷ್ಟನ್ನೇ ಕಳೆಯುತ್ತದೆ.

ಆದರೆ ಕುಲುಮೆಯಲ್ಲಿ ಗಳಿಸಿದ ಈ ಗುಣವನ್ನು ಶೆಡ್ಡಿನಲ್ಲಿ ಕಳೆದುಕೊಳ್ಳುವುದು ಸುಲಭ. ತಗಡನ್ನು ಕತ್ತರಿಸಿದ ಅಂಚಿನಲ್ಲಿ ಲೋಹ ಹಿಂಡಿಹೋಗಿ ಒಳಒತ್ತಡ ಉಳಿಯುತ್ತದೆ. ಅಲ್ಲೆಲ್ಲ ಗೋಡೆ ಕಚ್ಚುತ್ತದೆ. ಹಾಳೆಗಳನ್ನು ಬೀಳಿಸಿದರೂ, ಸಾಲು ಸರಿಪಡಿಸಲು ಸುತ್ತಿಗೆಯಿಂದ ತಟ್ಟಿದರೂ, ಬೋಲ್ಟನ್ನು ಮಿತಿಮೀರಿ ಬಿಗಿದರೂ ಇದೇ ಪರಿಣಾಮ. ಕತ್ತರಿಯ ಮೊಂಡು ಬಾಯಿ ಅಂಚಿನಲ್ಲಿ ಮುಳ್ಳೆಬ್ಬಿಸಿದರೆ ಅದು ಪಕ್ಕದ ಹಾಳೆಯ ಲೇಪವನ್ನು ಚುಚ್ಚಿ ಎಡ್ಡಿ ಪ್ರವಾಹಕ್ಕೆ ದಾರಿ ಮಾಡಿಕೊಡುತ್ತದೆ. ಕೋರಿನ ಮೂಲೆಗಳಲ್ಲಿ ಕಾಂತಪ್ರವಾಹ ತಿರುಗಬೇಕಾದ್ದರಿಂದ ಹಾಳೆಗಳನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ ಜೋಡಿಸುತ್ತಾರೆ; ನೇರವಾಗಿ ಜೋಡಿಸಿದರೆ ಅದು ಹರಳಿನ ಕಷ್ಟದ ದಿಕ್ಕಿಗೆ ಹಾಯಬೇಕಾಗುತ್ತದೆ. ಹಳೆಯ ಕೋರಿನಿಂದ ಬಿಚ್ಚಿ ಮತ್ತೆ ಕತ್ತರಿಸಿದ ತಗಡು ಹೊಸದರಂತೆ ನಡೆದುಕೊಳ್ಳದಿರುವುದಕ್ಕೆ ಇವೇ ಕಾರಣಗಳು.

ಹಾನಿಯನ್ನು ಪತ್ತೆಹಚ್ಚುವ ಪರೀಕ್ಷೆ ಸರಳವಾದದ್ದು. 11 ಕಿಲೋವೋಲ್ಟಿನ ಕಡೆಯನ್ನು ಖಾಲಿ ಬಿಟ್ಟು, 433 ವೋಲ್ಟಿನ ಕಡೆಗೆ ಪೂರ್ಣ ವೋಲ್ಟೇಜ್ ಕೊಟ್ಟು ವ್ಯಾಟ್‌ಮೀಟರ್ ಓದಬೇಕು. ಹೊರೆಯೇ ಇಲ್ಲದಿರುವಾಗ ಮೀಟರ್ ತೋರಿಸುವುದು ಬಹುಮಟ್ಟಿಗೆ ಕೋರಿನ ನಷ್ಟವನ್ನೇ. ಮೇಲಿನ 160 ಕಿಲೋ ಕೋರಿನಲ್ಲಿ, ಮೂಲೆಗಳ ಹೆಚ್ಚುವರಿ ನಷ್ಟ ಸೇರಿ 200 ವ್ಯಾಟ್ ಬಂತೆನ್ನೋಣ. ಯಾರ ಮನೆಯಲ್ಲೂ ದೀಪ ಉರಿಯದ ನಡುರಾತ್ರಿಯಲ್ಲೂ ಈ ನಷ್ಟ ನಿಲ್ಲುವುದಿಲ್ಲ. ವರ್ಷದ 8760 ಗಂಟೆಗೆ ಅದು 1752 ಯೂನಿಟ್. ಅದೇ ಪರೀಕ್ಷೆಯಲ್ಲಿ 300 ವ್ಯಾಟ್ ಬಂದರೆ ಆ ಕೋರ್ ವರ್ಷಕ್ಕೆ ಇನ್ನೂ 876 ಯೂನಿಟ್ ನುಂಗುತ್ತದೆ ಎಂದು ಅರ್ಥ.

ಉಳಿಕೆ ಕಾಂತತ್ವ ತನ್ನ ಇರವನ್ನು ಇನ್ನೊಂದು ಹೊತ್ತಿನಲ್ಲಿ ತೋರಿಸುತ್ತದೆ. ಟ್ರಾನ್ಸ್‌ಫಾರ್ಮರನ್ನು ಆರಿಸಿದಾಗ ಕೋರಿನಲ್ಲಿ ಒಂದಷ್ಟು ಕಾಂತತ್ವ ಉಳಿದಿರುತ್ತದೆ. ಮತ್ತೆ ಹಚ್ಚುವ ಕ್ಷಣ ವೋಲ್ಟೇಜ್ ಸೊನ್ನೆಯಲ್ಲಿದ್ದು, ಬರಲಿರುವ ಅಲೆಯೂ ಅದೇ ದಿಕ್ಕಿನದಾದರೆ, 1.7ರ ಬದಲು ಅದರ ಎರಡರಷ್ಟು, ಜೊತೆಗೆ ಉಳಿದದ್ದೂ ಸೇರಿ 4 ಟೆಸ್ಲಾಕ್ಕೂ ಮೀರಿದ ಬೇಡಿಕೆ ಬೀಳಬಹುದು. ತಗಡು 2.03ಕ್ಕೇ ಸಂತೃಪ್ತ. ಉಳಿದ ಬೇಡಿಕೆಯನ್ನು ಸುರುಳಿ ತನ್ನ ಪ್ರವಾಹದಿಂದಲೇ ತುಂಬಬೇಕಾಗಿ, ಅದು ಪೂರ್ಣ ಹೊರೆಯ ಪ್ರವಾಹದ ಹಲವು ಪಟ್ಟು ಏರುತ್ತದೆ. ಟ್ರಾನ್ಸ್‌ಫಾರ್ಮರ್ ಆ ಕ್ಷಣ ಜೋರಾಗಿ ಗುಂಯ್ಗುಟ್ಟಿ ಮೆಲ್ಲಗೆ ತಣ್ಣಗಾಗುವುದು ಇದರಿಂದಲೇ. ಯಾವ ದೋಷವಿಲ್ಲದಿದ್ದರೂ ರಕ್ಷಣೆಯ ರಿಲೇ ಇದನ್ನು ಶಾರ್ಟ್ ಸರ್ಕ್ಯೂಟೆಂದು ತಪ್ಪಾಗಿ ತಿಳಿಯಬಹುದು.

ಗೋಡೆ ಹುಟ್ಟಬಾರದ ಕಡೆ

ಶಾಶ್ವತ ಅಯಸ್ಕಾಂತಕ್ಕೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಅದರ ಮೊದಲ ಶತ್ರು ಹೊರಗಿನಿಂದ ಬರುವುದಿಲ್ಲ. ಅಯಸ್ಕಾಂತದ ಧ್ರುವಗಳು ಹೊರಗೆ ಬೀರುವ ಕ್ಷೇತ್ರವೇ ಅದರ ಒಡಲೊಳಗೆ ತಿರುಗುಮುರುಗಾಗಿ ಹಾಯ್ದು ಅದರ ಕಾಂತತ್ವವನ್ನು ಅಳಿಸಲು ನೋಡುತ್ತದೆ. ಧ್ರುವಗಳು ಹತ್ತಿರವಿದ್ದಷ್ಟೂ ಈ ಸ್ವಯಂವಿರೋಧ ಹೆಚ್ಚು. ಶಾಲೆಯ ಪ್ರಯೋಗಾಲಯದ ಹಳೆಯ ಅಯಸ್ಕಾಂತಗಳು ಉದ್ದನೆಯ ಸರಳಾಗಿಯೋ ಲಾಳಾಕಾರವಾಗಿಯೋ ಇರುತ್ತಿದ್ದುದು, ತೆಗೆದಿಡುವಾಗ ತುದಿಗಳಿಗೆ ಅಡ್ಡಲಾಗಿ ಕಬ್ಬಿಣದ ತುಂಡು ಅಂಟಿಸುತ್ತಿದ್ದುದು ಈ ಕಾರಣಕ್ಕೆ. ಗಡಸು ಉಕ್ಕಿನ ಕೊಯೆರ್ಸಿವಿಟಿ ತೀರ ಕಡಿಮೆಯಾದ್ದರಿಂದ ಅದನ್ನು ಗಿಡ್ಡ ಬಿಲ್ಲೆಯಾಗಿ ಮಾಡಿದರೆ ತನ್ನನ್ನು ತಾನೇ ಅಳಿಸಿಕೊಂಡುಬಿಡುತ್ತಿತ್ತು.

ಇಪ್ಪತ್ತನೆಯ ಶತಮಾನದ ಅಯಸ್ಕಾಂತಗಳ ಚರಿತ್ರೆಯೆಂದರೆ ಕುಣಿಕೆಯನ್ನು ಅಗಲಗೊಳಿಸಿದ ಚರಿತ್ರೆ. 1917ರಲ್ಲಿ ಜಪಾನಿನ ಕೊಟಾರೊ ಹೊಂಡ ಕೋಬಾಲ್ಟ್ ಬೆರೆತ ಕೆ.ಎಸ್. ಉಕ್ಕನ್ನು ತಂದರು. 1931ರಲ್ಲಿ ಅಲ್ಲಿನವರೇ ಆದ ಮಿಶಿಮಾ, ಕಬ್ಬಿಣಕ್ಕೆ ನಿಕಲ್ ಮತ್ತು ಅಲ್ಯೂಮಿನಿಯಮ್ ಬೆರೆಸಿ ಆಲ್ನಿಕೋ ಕುಟುಂಬಕ್ಕೆ ನಾಂದಿ ಹಾಡಿದರು. 1950ರ ದಶಕದ ಆರಂಭದಲ್ಲಿ ನೆದರ್ಲೆಂಡ್ಸಿನ ಫಿಲಿಪ್ಸ್ ಕಂಪನಿ ಬೇರಿಯಮ್ ಫೆರೈಟನ್ನು ರೂಪಿಸಿತು. ಇದರ ಕಾಂತತ್ವ 0.4 ಟೆಸ್ಲಾದಷ್ಟೇ ಆದರೂ ಕೊಯೆರ್ಸಿವಿಟಿ ಆಲ್ನಿಕೋದ ಹಲವು ಪಟ್ಟು. ಸ್ಪೀಕರುಗಳ ಹಿಂದಿನ ಚಪ್ಪಟೆ ಕಪ್ಪು ಉಂಗುರಗಳು ಸಾಧ್ಯವಾದದ್ದು ಇದರಿಂದ. 1960ರ ದಶಕದಲ್ಲಿ ಸಮೇರಿಯಮ್–ಕೋಬಾಲ್ಟ್ ಬಂತು. 1980ರ ದಶಕದ ಆರಂಭದಲ್ಲಿ ಜಪಾನಿನ ಮಸಾಟೊ ಸಗಾವಾ ಮತ್ತು ಅಮೆರಿಕದ ಜಾನ್ ಕ್ರೋಟ್ ಬೇರೆ ಬೇರೆಯಾಗಿ ಒಂದೇ ಸಂಯುಕ್ತಕ್ಕೆ ತಲುಪಿದರು: ಎರಡು ನಿಯೊಡಿಮಿಯಮ್, ಹದಿನಾಲ್ಕು ಕಬ್ಬಿಣ, ಒಂದು ಬೋರಾನ್ ಪರಮಾಣು.

ಈ ಸಂಯುಕ್ತದಲ್ಲಿ ಕಬ್ಬಿಣ ಬಲವನ್ನು ಕೊಟ್ಟರೆ ನಿಯೊಡಿಮಿಯಮ್ ಹಟವನ್ನು ಕೊಡುತ್ತದೆ. ನಿಯೊಡಿಮಿಯಮ್ಮಿನ ಎಲೆಕ್ಟ್ರಾನ್ ಮೋಡ ಗೋಳವಲ್ಲ, ಒಂದು ಕಡೆಗೆ ಚಪ್ಪಟೆಯಾದದ್ದು. ಅದು ಹರಳಿನ ಒಂದೇ ಅಕ್ಷಕ್ಕೆ ಕಚ್ಚಿಕೊಂಡು ಕಾಂತತ್ವವನ್ನೂ ಅತ್ತಲೇ ಕಟ್ಟಿಹಾಕುತ್ತದೆ. ಶುದ್ಧ ಕಬ್ಬಿಣದ ಘನ ಹರಳಿನಲ್ಲಿ ಆರು ಸುಲಭ ದಿಕ್ಕುಗಳಿದ್ದರೆ ಇಲ್ಲಿರುವುದು ಎರಡೇ, ಅಕ್ಷದ ಮೇಲೆ ಮತ್ತು ಕೆಳಗೆ.

ತಯಾರಿಯಲ್ಲಿ ಮಿಶ್ರಲೋಹವನ್ನು ಗಾಳಿ ಸೋಕದಂತೆ 3ರಿಂದ 5 ಮೈಕ್ರಾನಿನ ಪುಡಿ ಮಾಡುತ್ತಾರೆ. ಬಲವಾದ ಕಾಂತಕ್ಷೇತ್ರದಲ್ಲಿ ಪ್ರತಿ ಕಣವೂ ತನ್ನ ಅಕ್ಷವನ್ನು ಕ್ಷೇತ್ರದತ್ತ ತಿರುಗಿಸಿ ನಿಂತಾಗ ಪುಡಿಯನ್ನು ಅಚ್ಚಿನಲ್ಲಿ ಒತ್ತುತ್ತಾರೆ. ಸಾವಿರ ಡಿಗ್ರಿಗೆ ಮೀರಿ ಕಾಯಿಸಿದಾಗ ಕಣಗಳು ಬೆಸೆದುಕೊಳ್ಳುತ್ತವೆ. ಆಗ ನಿಯೊಡಿಮಿಯಮ್ ಹೆಚ್ಚಿರುವ ಭಾಗ ಕರಗಿ ಹರಳುಗಳ ನಡುವೆ ತೆಳ್ಳಗೆ ಹರಡಿಕೊಳ್ಳುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪದ ಆ ಪದರ ಒಂದು ಹರಳನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆ. ಕೊನೆಗೆ ಕ್ಷಣಮಾತ್ರದ ಭಾರಿ ವಿದ್ಯುತ್ ಹೊಡೆತದಿಂದ ಬಿಲ್ಲೆಯನ್ನು ಕಾಂತಗೊಳಿಸುತ್ತಾರೆ.

ಇಲ್ಲಿ ಒಂದು ಅನಿರೀಕ್ಷಿತ ಸಂಗತಿಯಿದೆ. ಕುಲುಮೆಯಿಂದ ಬಂದ, ಇನ್ನೂ ಕಾಂತಗೊಳ್ಳದ ಬಿಲ್ಲೆಯ ಹರಳುಗಳಲ್ಲಿ ಗೋಡೆಗಳಿರುತ್ತವೆ, ಅವು ಕಷ್ಟವಿಲ್ಲದೆ ಜಾರುತ್ತವೆ. ಕುಣಿಕೆಯ ಮೊದಲ ಏರು ಗೆರೆ ಕಡಿದಾಗಿಯೇ ಮೇಲೇರುತ್ತದೆ. ಆದರೆ ಒಮ್ಮೆ ಪೂರ್ತಿ ಸಂತೃಪ್ತವಾದ ಮೇಲೆ ಹರಳುಗಳಲ್ಲಿ ಗೋಡೆಗಳೇ ಉಳಿಯುವುದಿಲ್ಲ. ಬಿಲ್ಲೆಯನ್ನು ತಿರುಗುಮುರುಗು ಮಾಡಬೇಕಾದರೆ ಮೊದಲು ಎದುರು ದಿಕ್ಕಿನ ಸಣ್ಣ ವಲಯವೊಂದು, ಅದರ ಸುತ್ತ ಹೊಸ ಗೋಡೆಯೊಂದು ಹುಟ್ಟಬೇಕು. ಅಕ್ಷದ ಕಟ್ಟು ಬಿಗಿಯಾಗಿರುವುದರಿಂದ ಆ ಹುಟ್ಟಿಗೆ ತುಂಬ ದೊಡ್ಡ ಕ್ಷೇತ್ರ ಬೇಕು. ಎಲ್ಲೋ ಒಂದು ಹರಳಿನ ಕೊರೆಯಲ್ಲಿ ಗೋಡೆ ಹುಟ್ಟಿದರೂ ಹರಳುಗಳ ನಡುವಿನ ಪದರ ಅದನ್ನು ಪಕ್ಕದ ಹರಳಿಗೆ ದಾಟಗೊಡುವುದಿಲ್ಲ. ನಿಯೊಡಿಮಿಯಮ್ ಅಯಸ್ಕಾಂತದ ಹಟವಿರುವುದು ಗೋಡೆಯನ್ನು ಹಿಡಿದು ನಿಲ್ಲಿಸುವುದರಲ್ಲಿ ಅಲ್ಲ, ಹುಟ್ಟಗೊಡದಿರುವುದರಲ್ಲಿ. ಗೋಡೆಯನ್ನು ಹಿಡಿದು ನಿಲ್ಲಿಸುವ ಅಯಸ್ಕಾಂತಗಳೂ ಇವೆ. ಸಮೇರಿಯಮ್–ಕೋಬಾಲ್ಟಿನ ಒಂದು ಬಗೆಯಲ್ಲಿ ಬೇರೆ ಬೇರೆ ಸಂಯೋಜನೆಯ ಸೂಕ್ಷ್ಮ ಕೋಶಗಳ ಹೆಣಿಗೆಯಿದ್ದು, ಗೋಡೆ ಆ ಕೋಶಗಳ ಅಂಚಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಬಿಲ್ಲೆಯ ಮಿತಿ ಶಾಖ. ಅದರ ಕ್ಯೂರಿ ಬಿಂದು ಸುಮಾರು 312 ಡಿಗ್ರಿಯಾದರೂ ತೊಂದರೆ ಅದಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ. ಒಂದೊಂದು ಡಿಗ್ರಿ ಏರಿದಾಗಲೂ ಕಾಂತತ್ವ ನೂರಕ್ಕೆ 0.11ರಷ್ಟೇ ಕುಗ್ಗಿದರೆ ಕೊಯೆರ್ಸಿವಿಟಿ ನೂರಕ್ಕೆ 0.6ರಷ್ಟು ಕುಗ್ಗುತ್ತದೆ. 20 ಡಿಗ್ರಿಯಲ್ಲಿ 1.3 ಟೆಸ್ಲಾ ಕಾಂತತ್ವವೂ ಮೀಟರಿಗೆ 9,55,000 ಆಂಪಿಯರ್ ಕೊಯೆರ್ಸಿವಿಟಿಯೂ ಇರುವ ತೆಳ್ಳನೆಯ ಬಿಲ್ಲೆಯನ್ನು ತೆಗೆದುಕೊಳ್ಳೋಣ. ಅದರ ಸ್ವಯಂವಿರೋಧದ ಕ್ಷೇತ್ರ ಸುಮಾರು 7,20,000. ಕೊಯೆರ್ಸಿವಿಟಿ ಅದಕ್ಕಿಂತ ಮೇಲಿರುವುದರಿಂದ ಬಿಲ್ಲೆ ಉಳಿಯುತ್ತದೆ. ಅದನ್ನೇ 120 ಡಿಗ್ರಿಗೆ ಕಾಯಿಸಿದರೆ ಸ್ವಯಂವಿರೋಧ 6,40,000ಕ್ಕೆ ಇಳಿದೀತು, ಕೊಯೆರ್ಸಿವಿಟಿಯಾದರೋ 3,80,000ಕ್ಕೆ ಕುಸಿದಿರುತ್ತದೆ. ಹೊರಗಿನ ಯಾವ ಕ್ಷೇತ್ರವೂ ಇಲ್ಲದೆ ಹರಳುಗಳಲ್ಲಿ ಗೋಡೆಗಳು ಹುಟ್ಟಿ, ಕಾಂತತ್ವದ ಬಹುಪಾಲು ಅಳಿಸಿಹೋಗುತ್ತದೆ. ಅದೇ ವಸ್ತುವಿನ ಉದ್ದನೆಯ ಸರಳು ಅದೇ ಬಿಸಿಯನ್ನು ತಾಳಿಕೊಳ್ಳುತ್ತದೆ, ಏಕೆಂದರೆ ಅದರ ಧ್ರುವಗಳು ದೂರವಿದ್ದು ಸ್ವಯಂವಿರೋಧ ಲಕ್ಷಕ್ಕಿಂತ ಕೆಳಗಿರುತ್ತದೆ.

ಹೀಗೆ ಸೋತ ಬಿಲ್ಲೆಯನ್ನು ಗುರುತಿಸುವುದು ತಣಿಸಿದ ಮೇಲೆ. ಶಾಖದಿಂದ ತಾತ್ಕಾಲಿಕವಾಗಿ ಕುಗ್ಗಿದ್ದು ತಣಿದಾಗ ಮರಳುತ್ತದೆ. ಗೋಡೆಗಳು ಹುಟ್ಟಿ ಕಳೆದದ್ದು ಮರಳುವುದಿಲ್ಲ. ಲೋಹಕ್ಕೆ ಹಾನಿಯಾಗಿರದಿದ್ದರೆ ಮತ್ತೊಮ್ಮೆ ವಿದ್ಯುತ್ ಹೊಡೆತ ಕೊಟ್ಟು ಪೂರ್ಣ ಬಲ ಮರಳಿಸಬಹುದು. ತುಕ್ಕು ಹಿಡಿದು ಹರಳುಗಳ ನಡುವಿನ ಪದರ ಹಾಳಾಗಿದ್ದರೆ ಆ ದಾರಿಯೂ ಮುಚ್ಚುತ್ತದೆ. ಬಿಲ್ಲೆಗಳಿಗೆ ನಿಕಲ್ ಲೇಪ ಹಾಕುವುದು ಇದಕ್ಕಾಗಿ. ಬಿಸಿಯಲ್ಲಿ ದುಡಿಯಬೇಕಾದ ಕಾರಿನ ಮೋಟಾರುಗಳಿಗೆ ತುಸು ಡಿಸ್ಪ್ರೋಸಿಯಮ್ ಬೆರೆಸಿ ಅಕ್ಷದ ಕಟ್ಟನ್ನು ಬಿಗಿಗೊಳಿಸುತ್ತಾರೆ. ಅದರ ಪರಮಾಣುಗಳು ಕಬ್ಬಿಣಕ್ಕೆ ಎದುರಾಗಿ ಮುಖಮಾಡುವುದರಿಂದ ಒಟ್ಟು ಕಾಂತತ್ವ ಕೊಂಚ ಇಳಿಯುತ್ತದೆ. ಡಿಸ್ಪ್ರೋಸಿಯಮ್ ದುಬಾರಿಯೂ ಹೌದು. ಅದಕ್ಕೇ ಅದನ್ನು ಇಡೀ ಬಿಲ್ಲೆಗೆ ಬೆರೆಸುವ ಬದಲು, ಗೋಡೆ ಹುಟ್ಟುವ ಜಾಗವಾದ ಹರಳಿನ ಅಂಚುಗಳಿಗೆ ಮಾತ್ರ ಇಳಿಸುವ ವಿಧಾನವನ್ನು ರೂಢಿಸಿಕೊಂಡಿದ್ದಾರೆ.

ಎರಡು ಕುಣಿಕೆಗಳು ಒಂದೇ ಹಾಳೆಯಲ್ಲಿ

ಎರಡೂ ಕುಣಿಕೆಗಳನ್ನು ಒಂದೇ ಅಳತೆಯಲ್ಲಿ ಬರೆಯಲು ಹೊರಟರೆ ಎತ್ತರದಲ್ಲಿ ಹೆಚ್ಚು ಅಂತರವಿಲ್ಲ: ತಗಡಿಗೆ 2 ಟೆಸ್ಲಾ, ಬಿಲ್ಲೆಗೆ 1.3. ಅಗಲದಲ್ಲಿ ಮಾತ್ರ ಹಾಳೆ ಸಾಲದು. ತಗಡಿನ ಕುಣಿಕೆ ನಡುಗೆರೆಯಿಂದ 1 ಮಿಲಿಮೀಟರ್ ದೂರದಲ್ಲಿ ಅಡ್ಡಗೆರೆಯನ್ನು ದಾಟಿದರೆ, ಬಿಲ್ಲೆಯ ಕುಣಿಕೆ ದಾಟುವುದು ಸುಮಾರು 120 ಮೀಟರ್ ಆಚೆ.

ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಏನಾಗುತ್ತದೆಂಬುದನ್ನೂ ಈ ಅಳತೆಯಿಂದಲೇ ಹೇಳಬಹುದು. ಸಿಲಿಕಾನ್ ಉಕ್ಕನ್ನು ಬಿಲ್ಲೆಯಾಗಿ ಕತ್ತರಿಸಿ ಕಾಂತಗೊಳಿಸಿದರೆ, ಸುರುಳಿಯ ವಿದ್ಯುತ್ ನಿಂತ ಕ್ಷಣವೇ ಅದರ ಸ್ವಯಂವಿರೋಧ ಗೋಡೆಗಳನ್ನೆಲ್ಲ ಜಾರಿಸಿ ಕಾಂತತ್ವವನ್ನು ಅಳಿಸಿಬಿಡುತ್ತದೆ. ಬಿಲ್ಲೆಯ ವಸ್ತುವಿನಿಂದ ಟ್ರಾನ್ಸ್‌ಫಾರ್ಮರಿನ ಕೋರ್ ಮಾಡಿದರೆ ಸಾಧಾರಣ ಸುರುಳಿಗೆ ಅದನ್ನು ತಿರುಗಿಸಲು ಆಗುವುದೇ ಇಲ್ಲ. ಹೇಗೋ ತಿರುಗಿಸಿದರೆಂದೇ ಇಟ್ಟುಕೊಂಡರೂ ಸೆಕೆಂಡಿಗೆ 50 ಸುತ್ತಿನಲ್ಲಿ ಪ್ರತಿ ಕಿಲೋಗೆ 30 ಕಿಲೋವ್ಯಾಟಿಗೂ ಹೆಚ್ಚು ಶಾಖ ಹುಟ್ಟುತ್ತದೆ.

ಎರಡೂ ಬಗೆಯ ವಸ್ತುಗಳು ಎದುರುಬದುರಾಗಿ ದುಡಿಯುವುದನ್ನು ನೋಡಲು ಈಚೆಗೆ ಮನೆಗಳಿಗೆ ಬರುತ್ತಿರುವ ಬಿ.ಎಲ್.ಡಿ.ಸಿ. ಸೀಲಿಂಗ್ ಫ್ಯಾನನ್ನು ಬಿಚ್ಚಿದರೆ ಸಾಕು. ನಡುವೆ ಅಲುಗಾಡದೆ ನಿಂತ ಭಾಗದಲ್ಲಿ ತಾಮ್ರದ ಸುರುಳಿ ಸುತ್ತಿದ ಸಿಲಿಕಾನ್ ಉಕ್ಕಿನ ಹಾಳೆಗಳಿರುತ್ತವೆ. ಇಲ್ಲಿ ಹರಳುಗಳನ್ನು ಒಂದೇ ದಿಕ್ಕಿಗೆ ನಿಲ್ಲಿಸದ ತಗಡನ್ನು ಬಳಸುತ್ತಾರೆ, ಏಕೆಂದರೆ ಹಾಳೆಯ ಬೇರೆ ಬೇರೆ ಭಾಗಗಳಲ್ಲಿ ಕಾಂತಕ್ಷೇತ್ರದ ದಿಕ್ಕು ಬೇರೆ ಬೇರೆ. ಸುತ್ತಲೂ ತಿರುಗುವ ಬಟ್ಟಲಿನ ಒಳಮೈಗೆ ಅಂಟಿಸಿರುವುದು ಸಾಮಾನ್ಯವಾಗಿ ಕಪ್ಪನೆಯ ಫೆರೈಟ್ ಅಯಸ್ಕಾಂತ. ಇವೆರಡರ ನಡುವೆ ಕಿರಿದಾದ ಗಾಳಿಯ ಸಂದು. ಫ್ಯಾನ್ ತಿರುಗುವಷ್ಟು ಹೊತ್ತೂ ಆ ಸಂದಿನ ಒಂದು ಬದಿಯ ಉಕ್ಕಿನಲ್ಲಿ ಗೋಡೆಗಳು ಅತ್ತಿತ್ತ ಜಾರುತ್ತಿರುತ್ತವೆ, ಇನ್ನೊಂದು ಬದಿಯ ಅಯಸ್ಕಾಂತ ಕಾರ್ಖಾನೆಯಲ್ಲಿ ಪಡೆದ ದಿಕ್ಕನ್ನು ಬಿಡದೆ ಹಿಡಿದಿರುತ್ತದೆ.